ರಫ್ತಾದ ಯೂನಿಟ್ಟುಗಳೂ ಅಕ್ಕನ ಹೊಲಿಗೆ ಮಷಿನೂ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವನು ನಾನು. ಸೋಲಾರ್ ಹಾಕಿಸಿದ ಮೇಲೆ ಬಂದ ಕರೆಂಟ್ ಬಿಲ್ಲು ಅರ್ಥವಾಗಲು ನನಗೆ ಮೂರು ತಿಂಗಳು ಬೇಕಾಯಿತು ಅಂದರೆ ಹಳೆಯ ವಿದ್ಯಾರ್ಥಿಗಳು ನಗುತ್ತಾರೆ. ನಗಲಿ. ಅವರ ಪೈಕಿ ಎಷ್ಟೋ ಜನರನ್ನು ವ್ಯವಕಲನದಲ್ಲಿ ತಪ್ಪಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ.

ಪಾಣೆಮಂಗಳೂರಿನ ನಮ್ಮ ಮನೆಯಲ್ಲಿ ನಾವು ಮೂವರು: ನಾನು, ಹೆಂಡತಿ, ನನ್ನ ಅಕ್ಕ. ಅಕ್ಕ ಮದುವೆಯಾಗಲಿಲ್ಲ. ಇಪ್ಪತ್ತರ ಪ್ರಾಯದಿಂದ ರವಿಕೆ ಹೊಲಿಯುತ್ತಾಳೆ. ಈಗ ಅರವತ್ತೇಳು. ಕಾಲಲ್ಲಿ ತುಳಿಯುವ ಮಷಿನಿಗೆ ಐದು ವರ್ಷದ ಹಿಂದೆ ಮೋಟರು ಹಾಕಿಸಿಕೊಂಡಳು. ಬೆಳಿಗ್ಗೆ ಒಂಬತ್ತಕ್ಕೆ ಪೂರ್ವದ ಕಿಟಕಿಯ ಹತ್ತಿರ ಕೂತರೆ ಊಟದವರೆಗೆ ಏಳುವುದಿಲ್ಲ. ಆ ಹೊತ್ತು ಅವಳದ್ದು. ಅವಳನ್ನು ಕೇಳಿಕೊಂಡು ಮನೆಗೆ ಬರುವವರಿದ್ದರೆ ಅದು ಆ ಮಷಿನಿನ ದೆಸೆಯಿಂದ.

ಜನವರಿಯಲ್ಲಿ ತಾರಸಿಯ ಮೇಲೆ ಮೂರು ಕಿಲೋವಾಟಿನ ಸೋಲಾರ್ ಬಂತು. ಹಳೆಯ ಮೀಟರು ತೆಗೆದು ಎರಡೂ ಕಡೆಯ ಲೆಕ್ಕ ಇಡುವ ಹೊಸ ಮೀಟರು ಕೂರಿಸಿದರು. ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟರು. ಮೋಡ ಬಂದರೆ ಅದರಲ್ಲಿನ ಗೆರೆ ಇಳಿಯುತ್ತದೆ, ಬಿಸಿಲು ಬಂದರೆ ಏರುತ್ತದೆ. ನಾನು ಪೇಪರ್ ಓದುವುದನ್ನೇ ಬಿಟ್ಟು ಆ ಗೆರೆಯನ್ನು ನೋಡುತ್ತಾ ಕೂತೆ.

ಮೊದಲ ಪೂರ್ತಿ ತಿಂಗಳ ಬಿಲ್ಲು ಬಂದಾಗ ಕನ್ನಡಕ ಒರೆಸಿಕೊಂಡು ಓದಿದೆ. ಇಂಪೋರ್ಟ್ ನೂರ ಎಂಬತ್ತು, ಎಕ್ಸ್‌ಪೋರ್ಟ್ ಇನ್ನೂರ ನಲವತ್ತು. ಆದರೆ ಆ್ಯಪ್ ಹೇಳುವ ಪ್ರಕಾರ ನಮ್ಮ ತಾರಸಿಯಲ್ಲಿ ಹುಟ್ಟಿದ್ದು ಮುನ್ನೂರ ಎಂಬತ್ತು ಯೂನಿಟ್. ಹಾಗಾದರೆ ನೂರ ನಲವತ್ತು ಎಲ್ಲಿ ಹೋಯಿತು? ಮೇಲಿಂದ, ಸೊನ್ನೆ ಬರುತ್ತದೆಂದು ನಂಬಿದ್ದ ಬಿಲ್ಲಿನ ಕೊನೆಯಲ್ಲಿ ಕಟ್ಟಬೇಕಾದ ಮೊತ್ತ ಬೇರೆ ಇತ್ತು.

ಜಗಳಕ್ಕೆ ತಯಾರಾಗಿಯೇ ವಿದ್ಯುತ್ ಕಚೇರಿಗೆ ಹೋದೆ. ಅಲ್ಲಿದ್ದ ಇಂಜಿನಿಯರ್ ಹುಡುಗಿ ನಾನು ಹೇಳಿದ್ದನ್ನು ಕೊನೆಯವರೆಗೆ ಕೇಳಿದಳು.

"ಸರ್, ಮೀಟರ್ ಇರುವುದು ಗೇಟಿನ ಹಾಗೆ. ಗೇಟು ದಾಟಿ ಹೊರಗೆ ಹೋದದ್ದು ಎಕ್ಸ್‌ಪೋರ್ಟ್, ಒಳಗೆ ಬಂದದ್ದು ಇಂಪೋರ್ಟ್. ಹಗಲಲ್ಲಿ ನಿಮ್ಮ ಫ್ರಿಜ್ಜು, ಪಂಪು ತಿಂದದ್ದು ಗೇಟಿನ ತನಕ ಬರುವುದೇ ಇಲ್ಲ. ಆ ನೂರ ನಲವತ್ತನ್ನು ನೀವೇ ಉಪಯೋಗಿಸಿದ್ದೀರಿ."

"ಕಟ್ಟಲಿಕ್ಕೆ ಇರುವುದು ಯಾಕೆ ಮತ್ತೆ?"

"ಅದು ಫಿಕ್ಸೆಡ್ ಚಾರ್ಜ್. ಜನ ಮಿನಿಮಮ್ ಅಂತಾರಲ್ಲ, ಅದು. ನೀವು ಎಷ್ಟು ಕಿಲೋವಾಟ್ ಮಂಜೂರು ಮಾಡಿಸಿದ್ದೀರೋ ಅದರ ಮೇಲೆ. ಒಂದು ಬಲ್ಬ್ ಹಾಕದಿದ್ದರೂ ಬರ್ತದೆ. ನಿಮ್ಮದು ಅರವತ್ತು ಯೂನಿಟ್ ಹೆಚ್ಚು ಹೊರಗೆ ಹೋಗಿದೆ, ಅದಕ್ಕೆ ಒಪ್ಪಂದದ ದರದಲ್ಲಿ ಜಮೆ ಕೊಟ್ಟಿದ್ದಾರೆ. ಮಿನಿಮಮ್ಮಿಗೆ ಅಷ್ಟು ಸಾಕಾಗಲಿಲ್ಲ."

ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬರುವ ದಾರಿಯಲ್ಲಿ ಪೇಟೆಯ ಗೆಳೆಯನ ಅಂಗಡಿಗೆ ಹೋದೆ. ಒಂದನೇ ಕ್ಲಾಸಿನಿಂದ ನನ್ನ ಜೊತೆ ಕಲಿತ ಬ್ಯಾರಿ ಗೆಳೆಯ, ಬಟ್ಟೆ ವ್ಯಾಪಾರ. ಅವನ ಮನೆಗೂ ಸೋಲಾರ್ ಉಂಟು. ತನ್ನ ಬಿಲ್ಲನ್ನು ನನ್ನ ಮುಖದ ಹತ್ತಿರ ಹಿಡಿದ. ಕೊನೆಯ ಸಾಲಿನಲ್ಲಿ ಮೊತ್ತದ ಹಿಂದೆ ಮೈನಸ್ ಗುರುತು.

"ಇದು ಮುಂದಿನ ಬಿಲ್ಲಿಗೆ ಹೋಗ್ತದೆ ಮಾರಾಯ. ಮಿನಿಮಮ್ಮನ್ನು ಅದೇ ನುಂಗ್ತದೆ. ಲೆಕ್ಕದ ಮಾಸ್ಟ್ರದ್ದು ಇನ್ನೂ ಪ್ಲಸ್ಸಾ?" ಎಂದ.

ಅವನ ಮಕ್ಕಳೆಲ್ಲ ಗಲ್ಫಿನಲ್ಲಿ. ದೊಡ್ಡ ತಾರಸಿಯ ಕೆಳಗೆ ಇರುವುದು ಗಂಡ ಹೆಂಡತಿ ಇಬ್ಬರೇ. ಮೈನಸ್ ಬಾರದೆ ಏನು ಬರಬೇಕು? ಆದರೆ ಹೊಟ್ಟೆಕಿಚ್ಚಿಗೆ ಲೆಕ್ಕ ಬರುವುದಿಲ್ಲ. ನನಗೂ ಆ ಮೈನಸ್ ಬೇಕು ಅನಿಸಿಬಿಟ್ಟಿತು.

ಮನೆಗೆ ಬಂದು ಕಾನೂನು ಹೊರಡಿಸಿದೆ. ಹಗಲಲ್ಲಿ ಕರೆಂಟ್ ತಿಂದರೆ ಎಕ್ಸ್‌ಪೋರ್ಟ್ ಕಡಿಮೆ, ಆದ್ದರಿಂದ ಹಗಲಲ್ಲಿ ಯಾರೂ ತಿನ್ನಬಾರದು. ಪಂಪು, ಗ್ರೈಂಡರು, ವಾಷಿಂಗ್ ಮಷಿನ್, ಇಸ್ತ್ರಿಪೆಟ್ಟಿಗೆ ಎಲ್ಲ ಸಂಜೆ ಆರರ ನಂತರ. ಹೆಂಡತಿ, "ಸೆಕೆಯಲ್ಲಿ ಫ್ಯಾನ್ ಆದ್ರೂ ಹಾಕ್ಬಹುದಾ, ಅದಕ್ಕೂ ಅರ್ಜಿ ಕೊಡ್ಬೇಕಾ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಹಾಕಿಕೊಂಡಳು. ಅಕ್ಕ ಮಾತ್ರ ಎದುರಾಡಲಿಲ್ಲ.

"ಮಷಿನ್ ಕೂಡಾ ಸಂಜೆಯಾ?" ಎಂದಷ್ಟೇ ಕೇಳಿದಳು.

"ಎರಡು ತಿಂಗಳು ನೋಡುವ ಅಕ್ಕ."

"ಟ್ಯೂಬ್‌ಲೈಟಲ್ಲಿ ಮರೂನ್ ನೂಲೂ ಕಂದು ನೂಲೂ ಒಂದೇ ಹಾಗೆ ಕಾಣ್ತದೆ."

ನಾನು ಅವಳ ಕೋಣೆಗೆ ಇನ್ನೊಂದು ಟ್ಯೂಬ್‌ಲೈಟ್ ಹಾಕಿಸಿಕೊಟ್ಟೆ. ಸಮಸ್ಯೆ ಬಗೆಹರಿಯಿತು ಎಂದು ತಿಳಿದೆ. ಬೆಳಗಿನ ಹೊತ್ತು ಅವಳು ಆ ಕಿಟಕಿಯ ಹತ್ತಿರ ಸುಮ್ಮನೆ ಕೂತಿರುತ್ತಿದ್ದಳು. ನೋಡಿಯೂ ನಾನು ಏನೂ ಕೇಳಲಿಲ್ಲ.

ಮುಂದಿನ ಬಿಲ್ಲಿನಲ್ಲಿ ಎಕ್ಸ್‌ಪೋರ್ಟ್ ಮುನ್ನೂರ ಇಪ್ಪತ್ತು! ಒಮ್ಮೆಗೇ ಎಂಬತ್ತು ಯೂನಿಟ್ ಜಾಸ್ತಿ. ಅದೊಂದು ಸಾಲಿನ ಅಡಿಗೆ ಗೆರೆ ಎಳೆದು ಗೆಳೆಯನಿಗೆ ಫೋಟೊ ಕಳಿಸಿದೆ. ಕಟ್ಟುವ ಮೊತ್ತ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಹೆಚ್ಚಿನ ಯೂನಿಟ್ಟುಗಳು ಎಲ್ಲೋ ಜಮೆಯಾಗುತ್ತಿರಬೇಕು, ಬರುವ ಬಿಲ್ಲಿನಲ್ಲಿ ಒಟ್ಟಿಗೆ ಮೈನಸ್ ಆಗಿ ಬರುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಬೇಕಾದದ್ದನ್ನು ನಂಬಲು ವಿದ್ಯೆ ಅಡ್ಡ ಬರುವುದಿಲ್ಲ.

ಅಷ್ಟರಲ್ಲಿ ರವಿಕೆಯ ಪ್ರಕರಣ ನಡೆಯಿತು. ಹತ್ತಿರದ ಮನೆಯ ಮದುಮಗಳ ಧಾರೆಯ ರವಿಕೆ. ರೇಷ್ಮೆಯ ಅಂಚಿನಲ್ಲಿ ನವಿಲುಗಳು. ಅಕ್ಕ ಅದನ್ನು ಸಂಜೆಯ ಬೆಳಕಲ್ಲಿ ಕತ್ತರಿಸಿ ಹೊಲಿದಿದ್ದಳು. ಎಡ ತೋಳಿನ ನವಿಲುಗಳೆಲ್ಲ ತಲೆಕೆಳಗಾಗಿದ್ದವು. ಮದುಮಗಳ ತಾಯಿ ಬೈಯಲಿಲ್ಲ. "ಪ್ರಾಯ ಆಯ್ತಲ್ಲ ಅಕ್ಕ, ಇನ್ನು ಕಣ್ಣಿಗೆ ಕಷ್ಟ ಕೊಡ್ಬೇಡಿ" ಎಂದು ರವಿಕೆ ತೆಗೆದುಕೊಂಡು ಹೋದರು. ಬೈದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳೇನೋ. ಮರುದಿನ ಮಷಿನಿಗೆ ಬಟ್ಟೆ ಹೊದಿಸಿ, "ಇದನ್ನು ಯಾರಿಗಾದ್ರೂ ಕೊಡುವ" ಎಂದಳು. ಆಮೇಲೆ ಮೂರು ವಾರ ಯಾರೂ ಬಟ್ಟೆ ತರಲಿಲ್ಲ.

ನನಗೆ ಬೇಸರವಾಯಿತು. ಆದರೆ ನನ್ನ ಕಾನೂನಿಗೂ ಅದಕ್ಕೂ ಸಂಬಂಧ ಉಂಟೆಂದು ಒಪ್ಪಿಕೊಳ್ಳುವಷ್ಟು ಬೇಸರ ಅಲ್ಲ.

ಆ ತಿಂಗಳು ಮೀಟರ್ ರೀಡರ್ ಬಂದಾಗ ನಾನು ಹಳೆಯ ಎರಡು ಬಿಲ್ಲು ಹಿಡಿದು ಜಗಲಿಯಲ್ಲೇ ಕಾಯುತ್ತಿದ್ದೆ. ಬೆಳ್ತಂಗಡಿ ಕಡೆಯ ಮನುಷ್ಯ, ನಿಧಾನಸ್ಥ. ಮೀಟರಿನ ಪರದೆಯಲ್ಲಿ ಒಂದಾದ ಮೇಲೊಂದು ಬರುವ ಅಂಕಿಗಳಿಗೆ ಕಾದು, ಇಂಪೋರ್ಟನ್ನೂ ಎಕ್ಸ್‌ಪೋರ್ಟನ್ನೂ ಬೇರೆ ಬೇರೆ ಬರೆದುಕೊಂಡರು. ನನ್ನ ಎಂಬತ್ತು ಯೂನಿಟ್ ಎಲ್ಲಿ ಜಮೆಯಾಗಿದೆ ಎಂದು ಕೇಳಿದೆ. ಅಕ್ಕ ಅವರಿಗೆ ನೀರು ಬೆಲ್ಲ ತಂದು ಬಾಗಿಲಲ್ಲಿ ನಿಂತಿದ್ದಳು.

ಅವರು ಎರಡೂ ಬಿಲ್ಲುಗಳನ್ನು ಪಕ್ಕಪಕ್ಕ ಇಟ್ಟರು. "ಮಾಸ್ಟ್ರೇ, ನೀವು ಎಕ್ಸ್‌ಪೋರ್ಟಿಗೆ ಮಾತ್ರ ಗೆರೆ ಎಳೆದಿದ್ದೀರಿ. ಮೇಲಿನ ಸಾಲು ಓದಿ ನೋಡುವ."

ಓದಿದೆ. ಇಂಪೋರ್ಟ್ ಇನ್ನೂರ ಅರವತ್ತೆರಡು. ಹಿಂದಿನ ತಿಂಗಳು ನೂರ ಎಂಬತ್ತು.

"ಹಗಲಲ್ಲಿ ಹೊರಗೆ ಕಳಿಸಿದ್ದನ್ನು ಸಂಜೆ ವಾಪಸ್ ತಂದಿದ್ದೀರಿ. ಬಿಲ್ ಮಾಡುವುದು ಎರಡರ ವ್ಯತ್ಯಾಸಕ್ಕೆ ಅಲ್ವಾ? ಕಳೆಯಿರಿ."

ಇನ್ನೂರ ನಲವತ್ತರಲ್ಲಿ ನೂರ ಎಂಬತ್ತು ಕಳೆದರೆ ಅರವತ್ತು. ಮುನ್ನೂರ ಇಪ್ಪತ್ತರಲ್ಲಿ ಇನ್ನೂರ ಅರವತ್ತೆರಡು ಕಳೆದರೆ ಐವತ್ತೆಂಟು. ಮೂರನೆಯ ಕ್ಲಾಸಿನ ವ್ಯವಕಲನ. ತಾರಸಿಯಲ್ಲಿ ಹುಟ್ಟಿದ್ದು ಎರಡೂ ತಿಂಗಳು ಅಷ್ಟೇ, ಮನೆ ತಿಂದದ್ದೂ ಅಷ್ಟೇ. ನಾನು ಬದಲಿಸಿದ್ದು ತಿನ್ನುವ ಹೊತ್ತನ್ನು ಮಾತ್ರ.

"ಎರಡು ಯೂನಿಟ್ ಕಡಿಮೆ ಯಾಕೆ?" ಎಂದು ಕೇಳಿದೆ.

"ಸಂಜೆ ಎಂತಾದರೂ ಹೊಸತು ಉರಿಸಿರಬೇಕು, ಲೈಟೋ ಎಂತದೋ" ಎಂದು ನೀರು ಕುಡಿದು, ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು, ಪಕ್ಕದ ಮನೆಗೆ ಹೋದರು.

ಅಕ್ಕ ಬಂದು ಬಿಲ್ಲುಗಳನ್ನು ಕೈಗೆತ್ತಿಕೊಂಡಳು. ಬಿಸಿಲಿಗೆ ತಿರುಗಿಸಿ ಎರಡನ್ನೂ ಸರಾಗವಾಗಿ ಓದಿದಳು. ಕಣ್ಣಿಗೆ ಏನೂ ಆಗಿರಲಿಲ್ಲ.

"ಅಂದ್ರೆ ನಾನು ಸಂಜೆ ಹೊಲಿದದ್ದರಿಂದ ಎಂತ ಸಿಕ್ಕಿತು?"

"ಎಂತದೂ ಇಲ್ಲ ಅಕ್ಕ. ಎರಡು ಯೂನಿಟ್ ಹೋಯಿತು."

ಅಕ್ಕ ಅಷ್ಟು ಸಿಟ್ಟಾದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಎರಡು ಗಜ ಬಟ್ಟೆಯನ್ನು ಯಾವ ಕೊನೆಯಿಂದ ಕತ್ತರಿಸಿದರೂ ಎರಡೇ ಗಜ. ಇದನ್ನು ನನ್ನ ಹತ್ತಿರ ಕೇಳಿದ್ದರೆ ನಾನೇ ಹೇಳ್ತಿದ್ದೆ. ನೀನು ಕೇಳಿದೆಯಾ? ಲೈಟ್ ಹಾಕಿಸಿದೆ!" ಬಿಲ್ಲುಗಳನ್ನು ನನ್ನ ಮಡಿಲಿಗೆ ಹಾಕಿ ಒಳಗೆ ಹೋದಳು. ನನಗೆ ನಾಚಿಕೆಯಾಯಿತು. ಲೆಕ್ಕ ತಪ್ಪಿದ್ದಕ್ಕಿಂತ, ಅವಳನ್ನು ಕೇಳಬೇಕೆಂದು ಹೊಳೆಯಲೇ ಇಲ್ಲವಲ್ಲ, ಅದಕ್ಕೆ.

ಅಂಗಿ ಹಾಕಿಕೊಂಡು ನೇರ ಮದುಮಗಳ ಮನೆಗೆ ಹೋದೆ. ಅವಳ ತಾಯಿಗೆ ಮೀಟರು, ಗೇಟು, ಎಕ್ಸ್‌ಪೋರ್ಟು ಎಲ್ಲ ವಿವರಿಸಿದೆ. ಅವರು ಕೇಳುವಷ್ಟು ಕೇಳಿ ಅಡ್ಡ ಬಂದರು. "ಅಯ್ಯೋ ಮಾಸ್ಟ್ರೇ, ಮದುವೆ ಮುಗಿಯಿತು, ಅದು ಬಿಡಿ. ಆದ್ರೆ ಅಕ್ಕನಿಗೆ ಕಣ್ಣು ಕಾಣುವುದಿಲ್ಲ ಅಂತ ನಾನೇ ನಾಲ್ಕು ಮನೆಯಲ್ಲಿ ಹೇಳಿದ್ದೇನೆ. ಈಗ ಎಂತ ಮಾಡುವುದು?"

"ಯಾವ ನಾಲ್ಕು ಮನೆ ಹೇಳಿ. ನಾನೇ ಹೋಗ್ತೇನೆ."

ಮೊದಲ ಮನೆಯಲ್ಲಿ ಬಿಲ್ಲು ಬಿಡಿಸಿ ತೋರಿಸಿದೆ, ಅವರು ನನಗೆ ಚಾ ಕೊಟ್ಟು ಕಳಿಸಿದರು. ಎರಡನೆಯ ಮನೆಯಲ್ಲಿ ಸೋಲಾರಿಗೆ ಎಷ್ಟು ಖರ್ಚಾಯಿತೆಂದು ಕೇಳಿದರು. ಮೂರನೆಯ ಮನೆಯಲ್ಲಿ ಬೀಗ. ನಾಲ್ಕನೆಯದು ಸೇತುವೆ ದಾಟಿ, ಬಂಟ್ವಾಳ ಪೇಟೆಯ ಒಳಗೆ. ಅಷ್ಟು ಹೊತ್ತಿಗೆ ಬಿಸಿಲಲ್ಲಿ ನಾನು ಬೆವರಿ, ಬಿಲ್ಲುಗಳು ಕಿಸೆಯಲ್ಲಿ ಮುದ್ದೆಯಾಗಿದ್ದವು. ಬಾಗಿಲು ತೆರೆದ ಹೆಂಗಸಿನ ಮುಂದೆ ನಾನು ಅವನ್ನು ಹೊರಗೆ ತೆಗೆಯಲಿಲ್ಲ.

"ನನ್ನ ಅಕ್ಕನ ಕಣ್ಣು ಸರಿ ಉಂಟು. ಹಗಲು ಹೊಲಿಯಬೇಡ ಅಂತ ನಾನು ಹೇಳಿದ್ದೆ. ತಪ್ಪು ನನ್ನದು" ಎಂದೆ.

ಅವರು ನನ್ನನ್ನು ಒಮ್ಮೆ ನೋಡಿ ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಹಸಿರು ರವಿಕೆ ಕಣ ಇತ್ತು.

"ಅವರ ಹತ್ತಿರ ಹೇಳಿ, ಅರ್ಜೆಂಟಿಲ್ಲ," ಎಂದರು. "ಬೆಳಿಗ್ಗೆಯೇ ಹೊಲಿಯಲಿ."