ಚರಗದ ಫೋಟೋ ಯಾವ ವರ್ಷದ್ದು

ಅವ್ವನ ಎರಡು ಬಂಗಾರದ ಪಾಟಲಿಗಳು ಕಾಣೆಯಾದದ್ದು ಯಾವಾಗ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾಣೆಯಾಗಿವೆ ಎಂದು ಗೊತ್ತಾದ ದಿನ ಮಾತ್ರ ಗೊತ್ತು. ಸಂಕ್ರಾಂತಿಗೆ ಅಫಜಲಪುರಕ್ಕೆ ಬಂದ ಅಕ್ಕ, ಅವ್ವನಿಗೆ ಎಳ್ಳು ಬೆಲ್ಲ ಕೊಡಲು ಕೈ ಹಿಡಿದವಳು ಹಾಗೇ ನಿಂತುಬಿಟ್ಟಳು. ಅಪ್ಪ ಹೋದ ಮೇಲೆ ಅವ್ವ ಗಾಜಿನ ಬಳೆ ತೆಗೆದಿದ್ದಳು. ಪಾಟಲಿ ತೆಗೆದಿರಲಿಲ್ಲ. ಈಗ ಕೈ ಪೂರ್ತಿ ಬರಿದಾಗಿತ್ತು.

ನಿಂತುಬಿಟ್ಟಳು ಎಂದು ಬರೆದೆ. ನಾನು ಅಲ್ಲಿರಲಿಲ್ಲ. ಅಕ್ಕ ಹೇಳಿದ್ದನ್ನು ಬರೆಯುತ್ತಿದ್ದೇನೆ. ಅಕ್ಕ ಏನನ್ನೂ ಸುಮ್ಮನೆ ಹೇಳುವವಳಲ್ಲ.

ಅವ್ವನನ್ನು ಕೇಳುವಂತಿರಲಿಲ್ಲ. ಮರೆವು ಆಗಲೇ ಅವಳನ್ನು ಅರ್ಧ ಒಯ್ದಿತ್ತು. 'ಯಾರೋ ಬಿಚ್ಚಿಕೊಂಡ್ರು' ಎನ್ನುತ್ತಿದ್ದಳು, ಮರುಗಳಿಗೆ 'ಎದನ್ನ?' ಎನ್ನುತ್ತಿದ್ದಳು. ಮೊದಲು ಅವಳು ಜೇವರ್ಗಿಯಲ್ಲಿ ಅಕ್ಕನ ಮನೆಯಲ್ಲಿದ್ದಳು. ಹಿಂದಿನ ವರ್ಷದ ಯುಗಾದಿ ಮುಗಿದ ಮೇಲೆ ಅಫಜಲಪುರದ ತಮ್ಮನ ಮನೆಗೆ ಬಂದಳು. ಅಕ್ಕನ ಪ್ರಕಾರ ಕಳಿಸುವಾಗ ಕೈಯಲ್ಲಿ ಪಾಟಲಿ ಇದ್ದವು. ತಮ್ಮನ ಹೆಂಡತಿಯ ಪ್ರಕಾರ ತನ್ನ ಬಾಗಿಲಿಗೆ ಬಂದಾಗ ಇರಲಿಲ್ಲ. ಅಕ್ಕ 'ಕಳ್ಳಿ' ಎಂಬ ಮಾತನ್ನು ನುಂಗಲಿಲ್ಲ.

ತಮ್ಮನ ಹೆಂಡತಿ ನನಗೆ ಫೋನ್ ಮಾಡಿದಳು. 'ಭಾವಾರ, ಈ ಹೆಸರು ಹೊತ್ಕೊಂಡು ನಾ ಅತ್ತಿಗಿ ಉಣಸಾಂಗಿಲ್ರಿ. ಯಾರ ಮನಿಗಿ ಒಯ್ತೀರಿ, ಒಯ್ರಿ.'

ಅವ್ವನನ್ನು ಒಯ್ಯುವ ಮನೆ ಬೇರೆ ಇರಲಿಲ್ಲ. ಅಕ್ಕನಿಗೆ ಮೊಣಕಾಲು ನೋವು. ನಮ್ಮ ಮನೆಯಲ್ಲಿ, ಸರಿ, ನಮ್ಮ ಮನೆಯಲ್ಲಿ ಯಾಕಾಗುವುದಿಲ್ಲ ಎಂದು ನಾನು ಆಗ ಹೇಳಿಕೊಂಡ ಕಾರಣಗಳು ಈಗ ನೆನಪಿಲ್ಲ. ಹೆಂಡತಿಯೊಂದಿಗೆ ಆಳಂದದಿಂದ ಬಸ್ ಹತ್ತಿದೆ.

ತಮ್ಮನದು ತಹಸೀಲ್ ಕಚೇರಿಯ ಎದುರು ಝೆರಾಕ್ಸ್ ಮತ್ತು ಕಂಪ್ಯೂಟರ್ ಅಂಗಡಿ. ನಾವು ಹೋಗುವಷ್ಟರಲ್ಲಿ ಶಟರ್ ಅರ್ಧ ಇಳಿಸಿ ಎಲ್ಲರೂ ಒಳಗಿದ್ದರು. ಅಕ್ಕ ಸಾಕ್ಷಿ ಸಿಕ್ಕಿದೆ ಎಂದಳು. ಪರದೆಯ ಮೇಲೆ ಎಳ್ಳಮಾವಾಸ್ಯೆಯ ಫೋಟೋ. ಅತನೂರಿನ ನಮ್ಮ ಹೊಲ, ಬೆಳೆಗೆ ಎಡೆ ಎರಚಿ ಚರಗ ಚೆಲ್ಲಿ ಬಂದು ಬನ್ನಿಯ ಮರದ ಕೆಳಗೆ ಊಟಕ್ಕೆ ಕುಳಿತವರು, ನಡುವೆ ಸಜ್ಜೆ ರೊಟ್ಟಿ ಮುರಿಯುತ್ತಿರುವ ಅವ್ವ. ಕೈಯಲ್ಲಿ ಪಾಟಲಿ.

'ಸಾಲಿನ ಕಡೀ ಫೋಟೋ ಇದು' ಎಂದಳು ಅಕ್ಕ. 'ಮೊನ್ನಿನ ಅಮಾಸಿದು. ಅವ್ವ ಇವರ ಮನ್ಯಾಗ ಇದ್ಳು, ಪಾಟಲಿ ಇದ್ವು. ಈಗ ಇಲ್ಲ. ಮಷೀನ ಹೇಳಾಕತ್ತದ, ನಾ ಅಲ್ಲ.'

'ಅದು ಹೋದ ವರ್ಷದ್ದು ಅಕ್ಕಾರ' ಎಂದಳು ತಮ್ಮನ ಹೆಂಡತಿ.

'ಎದರ ಮ್ಯಾಲ ಹೇಳ್ತಿ?'

ಎದರ ಮೇಲೂ ಹೇಳುವಂತಿರಲಿಲ್ಲ. ಅದೇ ಮರ, ಅದೇ ಬುಟ್ಟಿಗಳು, ಅಮಾವಾಸ್ಯೆಗೆಂದೇ ಅವ್ವ ಉಡುವ ಅದೇ ಸೀರೆ. ವರ್ಷವನ್ನು ಗುರುತಿಸುವಂಥದ್ದು ಏನೂ ಇಲ್ಲದ ಹಬ್ಬ. ಅವ್ವನದೇ ಇನ್ನೊಂದು ಚಿತ್ರ ನೆನಪಾಯಿತು: ಎಪ್ಪತ್ತರ ದಶಕದಲ್ಲಿ ಜೇವರ್ಗಿಯ ಸ್ಟುಡಿಯೋದಲ್ಲಿ ಹೊಸ ಪಾಟಲಿ ಕಾಣುವಂತೆ ಕೈ ಮುಂದಿಟ್ಟು ನಿಂತದ್ದು. ಹಿಂದಿನ ಪರದೆಯಲ್ಲಿ ಬಣ್ಣದಲ್ಲಿ ಬರೆದ ಗಡಿಯಾರ, ಯಾವಾಗಲೂ ಹತ್ತು ಗಂಟೆ ಹತ್ತು ನಿಮಿಷ. ಆ ಊರಿನಲ್ಲಿ ಫೋಟೋ ತೆಗೆಸಿಕೊಂಡವರೆಲ್ಲ ಹತ್ತೂಹತ್ತಕ್ಕೇ ತೆಗೆಸಿಕೊಂಡಿದ್ದಾರೆ.

ತಮ್ಮ ಮೌಸಿಗೆ ಕೈ ಚಾಚಿದ.

'ಮುಟ್ಟಬ್ಯಾಡ' ಎಂದಳು ಅಕ್ಕ. 'ಅಂಗಡಿ ನಿಂದು, ಮಷೀನ್ ನಿಂದು, ಕೈನೂ ನಿಂದ ಆದ್ರ ನ್ಯಾಯ ಹೆಂಗ ಆಗ್ತದ?'

'ಹಂಗಾದ್ರ ಕರೆಂಟ್ ಬಿಲ್ಲೂ ನೀನ ಕಟ್ಟು.'

ಯಾರೂ ನಗಲಿಲ್ಲ. ನಡುವಿನವನೆಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು.

ನನಗೆ ಮೊದಲು ಅನುಮಾನ ಬಂದದ್ದು ಅವ್ವನ ಕೈಯ ಮೇಲಲ್ಲ, ತಾರೀಖುಗಳ ಮೇಲೆ. ಮದುವೆ, ಹೊಲ, ಆಸ್ಪತ್ರೆ, ಎಲ್ಲ ಫೋಟೋಗಳ ಮುಂದೆಯೂ ಒಂದೇ ದಿನ. ಚರಗದ ಫೋಟೋದ ಮುಂದೆ ಮಾತ್ರ ಎರಡು ದಿನ ಈಚಿನದು. ಎರಡೂ ಈ ಸಂಕ್ರಾಂತಿಯ ಆಸುಪಾಸಿನವು.

'ಇಷ್ಟು ಫೋಟೋ ಒಂದೇ ದಿನ ತಗದೀರೇನು?'

ತಮ್ಮ ಹೇಳಿದ: ಹಳೆಯ ಫೋನ್ ಕೆಡುತ್ತ ಬಂದಿತ್ತು, ಕೇಬಲ್ ಹತ್ತುತ್ತಿರಲಿಲ್ಲ, ಬ್ಲೂಟೂತಿನಿಂದ ಎಲ್ಲವನ್ನೂ ಈ ಕಂಪ್ಯೂಟರಿಗೆ ಕಳಿಸಿ, ಇಲ್ಲಿಂದ ಹೊಸ ಫೋನಿಗೆ ಹಾಕಿಕೊಂಡ. ಚರಗದ ಫೋಟೋ ಅಡ್ಡ ಬಿದ್ದಿತ್ತು. ಕಟ್ಟು ಹಾಕಿಸಲು ಪ್ರಿಂಟ್ ತೆಗೆಯಬೇಕೆಂದು ನೆಟ್ಟಗೆ ತಿರುಗಿಸಿ ಉಳಿಸಿದ.

ಅಲ್ಲಿಗೆ ಅರ್ಧ ತಿಳಿಯಿತು. ಪಟ್ಟಿ ನಿಂತಿದ್ದುದು 'ಡೇಟ್ ಮಾಡಿಫೈಡ್' ಕಾಲಮಿನ ಮೇಲೆ. ಅದು ಕಡತ ಕೊನೆಯ ಸಲ ಬದಲಾದ ಹೊತ್ತು. ಇಲ್ಲಿ ಅದು ಕಂಪ್ಯೂಟರಿಗೆ ಬಂದಿಳಿದ ಹೊತ್ತೇ ಆಗಿತ್ತು. ತಿರುಗಿಸಿ ಉಳಿಸಿದ್ದರಿಂದ ಚರಗದ ಫೋಟೋ ಎಲ್ಲವನ್ನೂ ದಾಟಿ ಕೊನೆಗೆ ಹೋಗಿ ಕೂತಿತ್ತು. ಕಾಲಮುಗಳ ತಲೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಫೋಟೋ ತೆಗೆದ ದಿನ ತೋರಿಸುವ 'ಡೇಟ್ ಟೇಕನ್' ಎಂಬುದನ್ನು ಸೇರಿಸಿ, ಅದರ ಮೇಲೆ ಒತ್ತಿದೆ. ಸಾಲು ಇಡಿಯಾಗಿ ಕದಲಿ ಮತ್ತೆ ಕೂತಿತು. ಕೆಲವಕ್ಕೆ ಆ ತಾರೀಖೇ ಇರಲಿಲ್ಲ. ಅವು ಅಕ್ಕ ಮೆಸೇಜಿನಲ್ಲಿ ಕಳಿಸಿದವು, ದಾರಿಯಲ್ಲಿ ತಾರೀಖು ಕಳೆದುಕೊಂಡವು.

ಚರಗದ ಫೋಟೋ ಒಂದು ವರ್ಷ ಹಿಂದಕ್ಕೆ ಹೋಗಿತ್ತು, ಅವ್ವ ಜೇವರ್ಗಿಯಲ್ಲಿದ್ದ ಕಾಲಕ್ಕೆ. ಈ ಸಲದ ಅಮಾವಾಸ್ಯೆಯ ಫೋಟೋ ಬೇರೆಯೇ ಇತ್ತು. ಅದರಲ್ಲೂ ರೊಟ್ಟಿ, ಅದರಲ್ಲೂ ಅವ್ವ. ಕೈ ಬರಿದು.

'ಫೋನಿನ ಗಡಿಯಾರ ತಪ್ಪಿದ್ರ?' ಎಂದಳು ಅಕ್ಕ. ಅದು ನನ್ನದೂ ಪ್ರಶ್ನೆ. ಆ ತಾರೀಖು ತೆಗೆದ ಹೊತ್ತಿನಲ್ಲಿ ಫೋನು ನಂಬಿದ್ದ ದಿನ, ಅಷ್ಟೇ. ಗೋಡೆಗೆ ಹಳೆಯ ಕ್ಯಾಲೆಂಡರುಗಳು ಒಂದರ ಮೇಲೊಂದು ನೇತಾಡುತ್ತಿದ್ದವು. ಹಿಂದಿನ ವರ್ಷದ್ದನ್ನು ಎತ್ತಿ ಅಮಾವಾಸ್ಯೆ ನೋಡಿದೆವು. ಕೂಡಿತು. ಈ ಸಲದ್ದೂ ಕೂಡಿತು. ಫೋನು ಸುಳ್ಳು ಹೇಳಿರಲಿಲ್ಲ.

ತಮ್ಮನ ಹೆಂಡತಿ ನನ್ನ ಹಿಂದೆ ನಿಂತಿದ್ದಳು. 'ಇನ್ನೂ ಕೆಳಗ ಬರ್ರಿ ಭಾವಾರ. ಅತ್ತಿ ನಮ್ಮ ಮನಿಗಿ ಬಂದ ದಿನ ನೋಡ್ರಿ.'

ಆ ದಿನದ್ದು ಎರಡು ಫೋಟೋ, ಎರಡೂ ತಮ್ಮ ತೆಗೆದವು. ಸಂಜೆಯದರಲ್ಲಿ ಅವ್ವ ತಮ್ಮನ ಕಾರಿನಿಂದ ಇಳಿಯುತ್ತ ಬಾಗಿಲಿನ ಚೌಕಟ್ಟು ಹಿಡಿದಿದ್ದಾಳೆ. ಕೈಗಳು ಬರಿದು. ಬೆಳಗಿನದರಲ್ಲಿ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಾಳೆ, ಬಟ್ಟಲು ಹಿಡಿದ ಕೈಯಲ್ಲಿ ಪಾಟಲಿ ಹೊಳೆಯುತ್ತಿದೆ. ಹಿಂದೆ ನೀಲಿ ಬಾಗಿಲು.

ಆ ಬಾಗಿಲು ಆಳಂದದ ನಮ್ಮ ಮನೆಯದು.

ಅಕ್ಕ ಅವ್ವನನ್ನು ನೇರ ಅಫಜಲಪುರಕ್ಕೆ ಕಳಿಸಿದಳೆಂದೇ ನಾನು ನಂಬಿದ್ದೆ. ನಡುವೆ ಕೆಲವು ದಿನ ನಮ್ಮಲ್ಲಿದ್ದದ್ದು, ತಮ್ಮ ಬಂದು ಕರೆದೊಯ್ದದ್ದು, ಆ ಫೋಟೋ ನೋಡಿದ ಮೇಲೆ ನೆನಪಾಯಿತು. ನೆನಪಾಯಿತೋ, ಫೋಟೋ ನೋಡಿ ಕಟ್ಟಿಕೊಂಡೆನೋ, ಹೇಳಲಾರೆ.

'ಗಾಡಿ ನಾನ ಓಡಸಾಕತ್ತಿದ್ದೆ' ಎಂದ ತಮ್ಮ, ಯಾರೂ ಕೇಳುವ ಮೊದಲೇ. 'ಹೊರಡೋ ಮುಂದ ವೈನಿ ಅವ್ವಗ ಜಳಕ ಮಾಡಸಿದ್ರು.'

ಬಾಗಿಲ ಬಳಿ ನಿಂತಿದ್ದ ನನ್ನ ಹೆಂಡತಿ ಹೌದೆಂದಳು. 'ಮಾಡಸಿದ್ದೆ. ಸೀರಿನೂ ಉಡಸಿದ್ದೆ. ಪಾಟಲಿ ನೋಡಿಲ್ಲ.'

ಅಕ್ಕ ಕ್ಷಮೆ ಕೇಳಲಿಲ್ಲ. ತಮ್ಮನ ಹೆಂಡತಿ ಪರದೆಯನ್ನು ಇನ್ನೊಮ್ಮೆ ನೋಡಿ, ಸೆರಗು ಸಿಕ್ಕಿಸಿಕೊಂಡು, 'ಅತ್ತಿ ಹಸದಿರ್ತಾರ' ಎಂದು ಶಟರಿನ ಕೆಳಗೆ ಬಾಗಿ ಮನೆಗೆ ಹೋದಳು. ಅವ್ವ ಕೊನೆಯವರೆಗೂ ಅಲ್ಲೇ ಇದ್ದಳು. ಚರಗದ ಫೋಟೋ ತೋರಿಸಿದರೆ, 'ಇಕಿ ಯಾರ್ಬೇ, ಭಾಳ ಶ್ರೀಮಂತಳು' ಎನ್ನುತ್ತಿದ್ದಳಂತೆ. ಪಾಟಲಿ ಸಿಗಲಿಲ್ಲ.

ಆಳಂದದ ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆ ಕೂತಿದ್ದಳು. ನನ್ನ ಕಡೆ ತಿರುಗಿ ಕೇಳಿದಳು:

'ಏನ್ ನೋಡಾಕತ್ತೀರಿ?'

'ಏನಿಲ್ಲ.'

'ನನ್ನ ಟ್ರಂಕಿನ ಕೀಲಿ ಬೇಕೇನು?'

ನಾನು ಬೇಕೆನ್ನಲಿಲ್ಲ. ಅವಳು ಸೊಂಟದಿಂದ ಬಿಡಿಸಿ ನನ್ನ ಅಂಗೈ ಮೇಲಿಟ್ಟಳು. ಕೂಡಲೇ ಹಿಂದಕ್ಕೆ ಕೊಡಬೇಕಿತ್ತು. ಕೊಟ್ಟೆ, ಸ್ವಲ್ಪ ತಡವಾಗಿ. ಆ ತಡವನ್ನು ಅವಳು ಗಮನಿಸಿದಳು.