ಸೀತಮ್ಮ ಟೀಚರ ಸೆರಗಿನ ಗಂಟು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಪಾತ್ರೆ ತೊಳೆಯುವ ನೆಪ ಮಾಡಿಕೊಂಡು ಎದ್ದು ಹೋಗುತ್ತಿದ್ದವಳು ನಾನು. ನಮ್ಮ ಅತ್ತೆಯವರ ಬಳಿ ಅಂಥ ಕಥೆಗಳು ಬೇಕಾದಷ್ಟಿದ್ದವು. ಒಂದನ್ನೂ ನಾನು ನಂಬಲಿಲ್ಲ. ಈಗ ನನ್ನದೇ ಒಂದನ್ನು ಹೇಳಹೊರಟಿದ್ದೇನೆ. ಓದುವವರು ಎದ್ದು ಹೋದರೆ ಬೇಸರಪಟ್ಟುಕೊಳ್ಳುವ ಹಕ್ಕು ನನಗಿಲ್ಲ.

ಹೇಳುವುದಕ್ಕೆ ಮೊದಲು ಒಂದು ಮಾತು ಒಪ್ಪಿಕೊಂಡುಬಿಡಬೇಕು. ಇದೆಲ್ಲಕ್ಕೂ ಮೂಲ ನನ್ನ ಹೊಟ್ಟೆಕಿಚ್ಚು. ಅದನ್ನು ಬಿಟ್ಟು ಹೇಳಿದರೆ ಏನೂ ಅರ್ಥವಾಗುವುದಿಲ್ಲ.

ದೇವನಹಳ್ಳಿಯಲ್ಲಿ ನಾವು ಓದಿದ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಸೀತಮ್ಮ ಟೀಚರ್ ಅಂತ ಇದ್ದರು. ಒಂಟಿ ಹೆಂಗಸು, ಕೋಟೆಯೊಳಗೆ ಒಂದು ಪುಟ್ಟ ಮನೆ. ಅವರಿಗೊಂದು ಅಭ್ಯಾಸವಿತ್ತು. ಯಾವಳಾದರೂ ಪದ್ಯ ಒಪ್ಪಿಸುತ್ತಾ ನಡುವೆ ತಡೆದು ನಿಂತರೆ ಬೈಯುತ್ತಿರಲಿಲ್ಲ, ಬೆತ್ತ ಮುಟ್ಟುತ್ತಿರಲಿಲ್ಲ. ತಮ್ಮ ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಳ್ಳುತ್ತಿದ್ದರು. ಬಲಗೈಯಲ್ಲಿ ಸೀಮೆಸುಣ್ಣ ಇರುತ್ತಿದ್ದರಿಂದ ಎಡಗೈ ಒಂದರಲ್ಲೇ, ನೋಡದೆಯೇ, ಹೆಬ್ಬೆರಳಿನಿಂದ ತುದಿಯನ್ನು ತಿರುವಿ ಒಳಕ್ಕೆ ನೂಕಿ ಎಳೆದುಬಿಡುತ್ತಿದ್ದರು. ಗಂಟಿನ ಪಕ್ಕದಲ್ಲಿ ಕಿವಿಯಂತೆ ಒಂದು ಸಣ್ಣ ಮಡಿಕೆ ಉಳಿಯುತ್ತಿತ್ತು. ಆ ಹುಡುಗಿ ಪದ್ಯ ಸರಿಯಾಗಿ ಹೇಳುವವರೆಗೂ ಅದು ಹಾಗೇ ಇರುತ್ತಿತ್ತು. ಹೇಳಿದ ಮೇಲೆ ಅವಳ ಎದುರಿಗೇ ಬಿಚ್ಚಿ, ತಲೆ ನೇವರಿಸಿ ಕಳಿಸುತ್ತಿದ್ದರು.

ನಾನು ತರಗತಿಗೇ ಮೊದಲಿಗಳು. ನನ್ನ ಹೆಸರಿಗೆ ಒಂದು ಗಂಟೂ ಬೀಳಲಿಲ್ಲ. ಪುಟ್ಟಲಕ್ಷ್ಮಿ ಅಂತ ಒಬ್ಬಳಿದ್ದಳು, ಚಕ್ಕೋತದ ತೋಟದವರ ಮಗಳು. ಬೆಳಗ್ಗೆ ಕಲಿತದ್ದು ಮಧ್ಯಾಹ್ನಕ್ಕೆ ಮರೆಯುತ್ತಿದ್ದಳು. ದಿನಾ ಸಂಜೆ ಟೀಚರು ಮನೆಗೆ ಹೊರಟರೆ ಸೆರಗಿನಲ್ಲಿ ಉಳಿದಿರುತ್ತಿದ್ದುದು ಅವಳ ಗಂಟು. ಅದನ್ನು ಅವರು ಮನೆಗೆ ಕೊಂಡೊಯ್ಯುತ್ತಾರೆ, ಉಣ್ಣುವಾಗ ನೋಡುತ್ತಾರೆ, ಅವಳನ್ನು ನೆನೆಸಿಕೊಳ್ಳುತ್ತಾರೆ ಅಂತ ಯೋಚಿಸಿ ಯೋಚಿಸಿ ನನಗೆ ಅನ್ನ ಸೇರುತ್ತಿರಲಿಲ್ಲ. ಒಂದು ಸಲ ಬೇಕೆಂದೇ ಪದ್ಯದ ನಡುವೆ ನಿಲ್ಲಿಸಿ ಮರೆತವಳಂತೆ ಮುಖ ಮಾಡಿದೆ. ಟೀಚರು ನನ್ನನ್ನೇ ನೋಡಿ ನಕ್ಕುಬಿಟ್ಟರು.

"ನಿಂಗೆ ಬರುತ್ತೆ ಕಣೇ. ಹೇಳಿ ಮುಗ್ಸಿ ಕೂತ್ಕೋ."

ಸೆರಗಿನ ಕಡೆ ಕೈ ಹೋಗಲೇ ಇಲ್ಲ. ಆವತ್ತಿನ ಅವಮಾನ ನನಗೆ ಮದುವೆಯಾಗಿ ಹೊಸಕೋಟೆಗೆ ಬಂದ ಮೇಲೂ ಹೋಗಿರಲಿಲ್ಲ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆಗೂ ಪರದಾಟ, ಕಾಗದಕ್ಕೂ ಪರದಾಟ. ನಮ್ಮ ಯಜಮಾನರು ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತರು. ನನ್ನ ಎರಡು ಮೂರು ಪದ್ಯಗಳು ಪತ್ರಿಕೆಯಲ್ಲಿ ಬಂದಿದ್ದವು. ಒಂದು ದಿನ ಸ್ಕೂಲಿನಿಂದ ಕಾರ್ಡು ಬಂತು. ಸೀತಮ್ಮ ಟೀಚರು ತೀರಿಹೋದರು, ಭಾನುವಾರ ಮಧ್ಯಾಹ್ನ ಸ್ಕೂಲಿನಲ್ಲಿ ಸಭೆ, ಅವರ ಮೇಲೆ ನೀನೊಂದು ಪದ್ಯ ಬರೆದು ಓದಬೇಕು ಅಂತ. ಅಳು ಬಂತು. ಅದರ ಹಿಂದೆಯೇ, ಹೇಳಲು ನಾಚಿಕೆಯಾಗುತ್ತದೆ, ಓದುವುದು ನಾನು, ಪುಟ್ಟಲಕ್ಷ್ಮಿಯಲ್ಲ ಎಂಬ ಸಂತೋಷವೂ ಬಂತು.

ಟೀಚರಿಗೆ ಇಷ್ಟವಾದ ಭಾಮಿನಿ ಷಟ್ಪದಿಯಲ್ಲೇ ಬರೆಯಲು ಕೂತೆ. ಅದಕ್ಕೆ ಆರು ಸಾಲು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು ಮಾತ್ರೆ ಅಂತ ಎಣಿಸಿ, ಮೂರು ನಾಲ್ಕು, ಮೂರು ನಾಲ್ಕು ಅಂತ ಗುಂಪು ಮಾಡಿಕೊಂಡು ಹೋಗಬೇಕು. ಮೂರನೆಯ ಸಾಲು ಮತ್ತು ಆರನೆಯ ಸಾಲು ಮಾತ್ರ ಉದ್ದ. ಅಲ್ಲಿ ಇನ್ನೊಂದು ಮೂರು ನಾಲ್ಕು ಸೇರಿ ಕೊನೆಗೊಂದು ಗುರು ಬರುತ್ತದೆ. ಮೊದಲ ಸಾಲಿನ ಎರಡನೆಯ ಅಕ್ಷರ ಯಾವುದೋ ಆರೂ ಸಾಲಿನಲ್ಲಿ ಅದೇ ಬರಬೇಕು. ಟೀಚರು ಕಲಿಸಿದ ಹಾಗೆ ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತಾ ಬರೆದೆ. ಜ್ಞಾನದ ದೀಪ, ಕರುಣೆಯ ಕಡಲು, ಸರಸ್ವತಿಯ ಅವತಾರ, ಎಲ್ಲವೂ ಬಂತು. ಲೆಕ್ಕ ಒಂದು ಕಡೆಯೂ ತಪ್ಪಲಿಲ್ಲ. ರಾತ್ರಿ ಊಟದ ಹೊತ್ತಿಗೆ ಯಜಮಾನರಿಗೆ ಓದಿ ಹೇಳಿದೆ.

"ಚೆನ್ನಾಗಿದೆ ಕಣೆ," ಅಂದರು. ಮಜ್ಜಿಗೆ ಹಾಕಿಸಿಕೊಂಡು ಕೇಳಿದರು, "ಯಾರ ಮೇಲೆ ಬರೆದಿರೋದು?"

ಸಿಟ್ಟು ಬಂತು. ಆದರೆ ಅವರು ಕೇಳಿದ್ದು ನ್ಯಾಯವೇ. ಆ ಪದ್ಯದಲ್ಲಿ ಹೆಸರು ಬದಲಾಯಿಸಿದರೆ ಯಾವ ಊರಿನ ಯಾವ ಟೀಚರಿಗೂ ಒಪ್ಪುತ್ತಿತ್ತು. ಮಾರನೆಯ ದಿನ ಅದನ್ನು ಹರಿದುಹಾಕಿ, ಟೀಚರ ಗಂಟನ್ನೇ ಹಿಡಿದುಕೊಂಡೆ. ಸೆರಗಿನ ರಕಾರವನ್ನೇ ಪ್ರಾಸ ಮಾಡಿಕೊಂಡೆ. ಆಗ ಸಾಲುಗಳು ತಾವಾಗಿ ಬಂದವು:

ಸೆರಗ ತುದಿಯಲಿ ಗಂಟು ಕಟ್ಟುತ
ಮರೆತ ಮಗುವನು ಮನಕೆ ತಂದಳು
ಮರಳಿ ಕಲಿತರೆ ಬಿಚ್ಚಿ ನಗುವಳು ತಲೆಯ ನೇವರಿಸಿ
ಇರುಳು ಮನೆಯಲಿ ದೀಪದೆದುರಲಿ
ಬೆರಳ ತಾಗಿದ ಗಂಟ ನೋಡುತ
ಕೊರಗಿ ನೆನೆದಳು ಅವಳ ಹೆಸರನು ತನ್ನ ಮಗಳಂತೆ

ಬರೆದದ್ದನ್ನು ಓದಿಕೊಂಡರೆ ಮೈಯೆಲ್ಲ ಉರಿಯಿತು. ನಾನು ಬರೆದ ಒಳ್ಳೆಯ ಪದ್ಯ ಅದೊಂದೇ, ಅದರ ನಡುವೆ ಕೂತಿರುವವಳು ಪುಟ್ಟಲಕ್ಷ್ಮಿ! ಸಭೆಯಲ್ಲಿ ನಾನು ಎದ್ದು ನಿಂತು ಅವಳನ್ನು ಟೀಚರ ಮಗಳು ಅಂತ ಸಾರಬೇಕು. ಶನಿವಾರ ಮಧ್ಯಾಹ್ನ, ಯಜಮಾನರು ಕಚೇರಿಯಿಂದ ತಂದಿದ್ದ, ಒಂದು ಬದಿ ಬರೆದ ಕಾಗದದ ಹಿಂಬದಿಯಲ್ಲಿ ಅದನ್ನು ಅಂದವಾಗಿ ನಕಲು ಮಾಡುತ್ತಿದ್ದೆ. ಆರನೆಯ ಸಾಲಿಗೆ ಬಂದಾಗ ಹೊಳೆಯಿತು. 'ಅವಳ' ಅಂದರೆ ಮೂರು ಹ್ರಸ್ವ, ಮೂರು ಮಾತ್ರೆ. 'ನನ್ನ' ಅಂದರೂ ಮೂರೇ, ಒತ್ತಕ್ಷರದ ಹಿಂದಿನ ನಕಾರಕ್ಕೆ ಎರಡು, ಉಳಿದದ್ದಕ್ಕೆ ಒಂದು. ಸಾಲಿನ ನಡುವೆ ಇರುವುದರಿಂದ ಪ್ರಾಸದ ತಂಟೆಯೂ ಇಲ್ಲ. ಛಂದಸ್ಸು ನನ್ನನ್ನು ತಡೆಯಲಿಲ್ಲ. ಟಾಕನ್ನು ಮಸಿಗದ್ದಿ 'ಕೊರಗಿ ನೆನೆದಳು ನನ್ನ ಹೆಸರನು' ಅಂತ ಬರೆದೆ. ಸತ್ತವರು ಬಂದು ಅಲ್ಲ ಅನ್ನುತ್ತಾರೆಯೇ, ಅಂದುಕೊಂಡೆ.

ಮಸಿ ಒಣಗಲಿ ಅಂತ ಎದ್ದೆ. ಸೆರಗಿನ ತುದಿಯಲ್ಲಿ ಗಂಟಿತ್ತು.

ಮನೆಯಲ್ಲಿ ಮಕ್ಕಳಿಲ್ಲ. ಅತ್ತೆ ಒಳಗೆ ಮಲಗಿದ್ದರು. ಬರೆಯುವಷ್ಟು ಹೊತ್ತೂ ನನ್ನ ಬಲಗೈಯಲ್ಲಿ ಟಾಕು, ಎಡಗೈ ಕಾಗದದ ಮೇಲೆ. ಯೋಚನೆಯಲ್ಲಿ ನಾನೇ ಹಾಕಿಕೊಂಡಿರಬೇಕು ಅಂತ ಸಮಾಧಾನ ಮಾಡಿಕೊಂಡು ಬಿಚ್ಚಿದೆ. ಬಿಚ್ಚುವಾಗ ಪಕ್ಕದಲ್ಲಿ ಮಡಿಕೆಯಿದ್ದದ್ದನ್ನು ನೋಡಿದೆ. ಆಮೇಲೆ ಎಡಗೈ ಒಂದರಲ್ಲೇ ಹಾಕಲು ಪ್ರಯತ್ನಿಸಿದೆ. ಹತ್ತು ಸಲ ಮಾಡಿದರೂ ಬರಲಿಲ್ಲ.

ಭಾನುವಾರ, ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಸೂಲಿಬೆಲೆ ದಾರಿಯ ಬಸ್ಸು ನಡುವೆ ಎರಡು ಸಲ ನಿಂತದ್ದರಿಂದ, ಸಭೆ ಶುರುವಾದ ಮೇಲೆ ತಲುಪಿದೆ. ಟೀಚರ ಕುರ್ಚಿಯ ಮೇಲೆ ಕನಕಾಂಬರದ ಹಾರ ಹಾಕಿದ್ದರು. ಪುಟ್ಟಲಕ್ಷ್ಮಿ ಮುಂದಿನ ಸಾಲಿನಲ್ಲಿದ್ದಳು. ಕಣ್ಣು ಊದಿಕೊಂಡಿದ್ದವು. ಜರುಗಿ ಜಾಗ ಕೊಟ್ಟಳು. ಟೀಚರ ಕೊನೆಯ ಎರಡು ತಿಂಗಳು ಅವಳೇ ನೋಡಿಕೊಂಡಳು ಅಂತ ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಅದೂ ಅವಳಿಗೇ ಸಿಕ್ಕಿತೇ ಅನ್ನಿಸಿತು. ಈಗ ಕೇಳಿಸುತ್ತೇನೆ ಇರು, ಅಂದುಕೊಂಡು ಎದ್ದೆ.

ಎರಡೂ ಕೈಯಲ್ಲಿ ಕಾಗದ ಹಿಡಿದು, ರಾಗವಾಗಿ ಓದಿದೆ. ಮೂರನೆಯ ಸಾಲಿಗೆ ಹೆಂಗಸರು ಕಣ್ಣೊರೆಸಿಕೊಂಡರು. ಐದನೆಯ ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಾಗ, ಕಾಗದದ ಕೆಳಗೆ, ಸೊಂಟದ ಬಳಿ ಜೋತಿದ್ದ ಸೆರಗಿನ ತುದಿ ಕಂಡಿತು. ಗಂಟು. ಪಕ್ಕದಲ್ಲಿ ಆ ಮಡಿಕೆ.

ನನಗೆ ತಡೆಯಿತು. ಹುಟ್ಟಿದ ಮೇಲೆ ಒಮ್ಮೆಯೂ ಪದ್ಯದಲ್ಲಿ ತಡೆಯದವಳು, ಕಾಗದ ಕಣ್ಣೆದುರಿಗೇ ಇದ್ದರೂ, ಒಂದು ಅಕ್ಷರವೂ ಕಾಣದೆ ನಿಂತುಬಿಟ್ಟೆ. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಬಾಯಿಂದ ಬಂದದ್ದು 'ಕೊರಗಿ ನೆನೆದಳು ಅವಳ ಹೆಸರನು.' ಓದಿ ಕೂತೆ.

ಸಭೆ ಮುಗಿದು ಜನ ಚದುರಿದ ಮೇಲೆ ಪುಟ್ಟಲಕ್ಷ್ಮಿ ನನ್ನ ಸೆರಗನ್ನೇ ನೋಡುತ್ತಾ ಕೇಳಿದಳು.

"ಇದನ್ನ ಯಾವಾಗ ಹಾಕ್ಕೊಂಡೆ? ನೀನು ಓದೋಕೆ ಎದ್ದಾಗ ಇರ್ಲಿಲ್ವಲ್ಲ."

"ಗೊತ್ತಿಲ್ಲ ಕಣೇ," ಅಂದೆ.

ಅವಳು ಗಂಟಿನ ಪಕ್ಕದ ಮಡಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ನಿಂಗೆ ಹೇಳ್ಬಾರ್ದು ಅಂತಿದ್ದೆ. ಕಡೇ ದಿನ ಸಂಜೆ ಟೀಚರು ಎಡಗೈಲಿ ಸೆರಗು ಹುಡುಕಿ ಗಂಟು ಹಾಕಿದ್ರು. ಯಾರ್ದು ಟೀಚರ್, ನಂದಾ ಅಂದೆ. ಅಲ್ಲ ಅಂದ್ರು. ನಿನ್ನ ಹೆಸರು ಹೇಳಿದ್ರು. ಅವಳಿಗೂ ಒಂದು ಬರಲ್ಲ ಕಣೇ, ಅಂದ್ರು. ಏನು ಅಂತ ಕೇಳೋಷ್ಟರಲ್ಲಿ ಕಣ್ಣು ಮುಚ್ಕೊಂಡ್ಬಿಟ್ರು. ಅದನ್ನ ಬಿಚ್ಚೋಕೆ ನಂಗೆ ಕೈ ಬರ್ಲಿಲ್ಲ. ಹಂಗೇ ಸ್ಮಶಾನಕ್ಕೆ ಕಳಿಸಿದ್ವಿ." ಮೂಗೊರೆಸಿಕೊಂಡಳು. "ಎರಡು ತಿಂಗಳು ಅವರನ್ನ ಎತ್ತಿ ಇಳಿಸಿದ್ದು ನಾನು. ಗಂಟು ನಿಂದು. ಹೊಟ್ಟೆ ಉರೀತು ಕಣೇ, ಅದಕ್ಕೇ ಹೇಳ್ಲಿಲ್ಲ."

ಸಂಜೆ ಬಸ್ಸಿನಲ್ಲಿ ನನ್ನ ಗಂಟನ್ನು ನಾನೇ ಬಿಚ್ಚಿದೆ. ಮತ್ತೆ ಅಂಥದ್ದು ಎಂದೂ ಆಗಲಿಲ್ಲ.

ಸುಳ್ಳೆಂದು ತಿಳಿದು ನಾನು ಬರೆದದ್ದು ನಿಜವೇ ಆಗಿತ್ತು. ಹಾಗಾದರೆ ಸಭೆಯಲ್ಲಿ ಆ ಗಂಟು ಬಿದ್ದದ್ದು ನನ್ನ ಬಾಯಿ ಕಟ್ಟಲೋ, ಹೌದು ನಿನ್ನದೇ ಅಂತ ಹೇಳಲೋ? ನನಗೆ ಬಾರದೆ ಹೋದ ಆ ಒಂದು ಯಾವುದು? ಹೊಟ್ಟೆಕಿಚ್ಚನ್ನು ಬಿಡುವುದು ಅಂತ ನಮ್ಮ ಯಜಮಾನರು ಹೇಳುತ್ತಾರೆ. ಇರಬಹುದು. ಟೀಚರಿಗೆ ಅದು ಗೊತ್ತಿತ್ತೋ ಇಲ್ಲವೋ, ಹೇಗೆ ಹೇಳಲಿ? ನನಗೆ ಇವತ್ತಿಗೂ ತಿಳಿದಿಲ್ಲ. ತಿಳಿದಿರುವುದು ಇಷ್ಟೇ. ಪುಟ್ಟಲಕ್ಷ್ಮಿಯ ಮಾತು ಕೇಳಿ ನಾನು ಅತ್ತುಬಿಟ್ಟೆ, ಅವಳ ಕೈ ಹಿಡಿದುಕೊಂಡೆ, ಆದರೂ ಅವಳ ಮೇಲೆ ಅಷ್ಟು ಹೊಟ್ಟೆಕಿಚ್ಚು ನನಗೆ ಹಿಂದೆ ಎಂದೂ ಆಗಿರಲಿಲ್ಲ. ನನ್ನ ಹೆಸರಿಗೆ ಟೀಚರು ಹಾಕಿದ ಒಂದೇ ಒಂದು ಗಂಟನ್ನು ಕಣ್ಣಾರೆ ಕಂಡವಳು ಅವಳು.