ಗಂಗಾಂಬಿಕಾ ಓದಿದ ಒದ್ದೆ ಹೆಜ್ಜೆ

ಮಹಾಲಿಂಗಪುರದ ಬಸ್ ನಿಲ್ದಾಣದ ಎದುರು ಪಾದರಕ್ಷೆಯ ಅಂಗಡಿ ಇಟ್ಟಿರುವ ಚಿದಾನಂದನ ಪಟ್ಟಾಪಟ್ಟಿ ಚಡ್ಡಿಯನ್ನು ಒಂದೇ ಬೆಳಗಿನಲ್ಲಿ ಇನ್ನೂರ ಹನ್ನೆರಡು ಜನ ನೋಡಿದರು.

ಅವರು ನೋಡಬೇಕಾಗಿದ್ದದ್ದು ಅವನ ಹೆಜ್ಜೆಯನ್ನು. ಗುರುವಾರ ಸ್ನಾನ ಮುಗಿಸಿದವನೇ ಒದ್ದೆ ಕಾಲನ್ನು ಸಿಮೆಂಟ್ ನೆಲಕ್ಕೆ ಊರಿ, ಮೂಡಿದ ಗುರುತಿನ ಫೋಟೋ ತೆಗೆದು, "ಬೂಟು ಬೇಕಾದವರು ಹೀಗೆ ಕಳಿಸಿರಿ, ಕಾಲಿನ ಜಾತಕ ಹೇಳುತ್ತೇವೆ" ಎಂದು ಬರೆದು ಅಂಗಡಿಯ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದ. ಫೋಟೋದ ಮೂಲೆಯಲ್ಲಿ ಬಕೆಟ್ಟಿನ ಅಂಚಿಗೆ ಜೋತುಬಿದ್ದ ಚಡ್ಡಿ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಊರಿನ ಕಣ್ಣಿಗೆ ಬಿತ್ತು. ಬೆಲ್ಲದ ವ್ಯಾಪಾರಿ ಗೂಳಪ್ಪ, "ಹೆಜ್ಜಿ ತಿಳೀತು, ಚಡ್ಡಿ ಯಾವ ಸೈಜಿಂದರಿ?" ಎಂದು ಕೇಳಿದ. ಚಿದಾನಂದ ಸ್ಟೇಟಸ್ ಅಳಿಸಿದ. ಅಷ್ಟರೊಳಗೆ ಗೂಳಪ್ಪ ಅದನ್ನು ತೆಗೆದಿಟ್ಟುಕೊಂಡು ಬೆಲ್ಲದ ಪೇಟೆಗೆಲ್ಲ ಹಂಚಿಯಾಗಿತ್ತು.

ಜಾತಕ ಹೇಳುವವಳು ಅವನ ಹೆಂಡತಿ ಗಂಗಾಂಬಿಕಾ. ತವರು ರಬಕವಿ, ನೇಕಾರರ ಮನೆ. ಹತ್ತು ಮೊಳ ಬಟ್ಟೆಯಲ್ಲಿ ಎಲ್ಲಿ ಒಂದು ಎಳೆ ತಪ್ಪಿದೆ ಎಂದು ನಿಂತಲ್ಲಿಂದಲೇ ಹೇಳುವ ಕಣ್ಣು ಅವಳದು. ಮದುವೆಯಾಗಿ ಬಂದ ಮೇಲೆ ಆ ಕಣ್ಣು ಬಟ್ಟೆಯಿಂದ ಕಾಲಿಗೆ ಇಳಿಯಿತು. ಇಪ್ಪತ್ತೆರಡು ವರ್ಷಗಳಿಂದ ಗಿರಾಕಿಗಳ ಮುಖಕ್ಕಿಂತ ಪಾದಗಳನ್ನೇ ಹೆಚ್ಚು ನೋಡಿರುವುದರಿಂದ ಸಂತೆಯಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ ಮೊದಲು ಕೆಳಗೆ ನೋಡುತ್ತಾಳೆ, ಆಮೇಲೆ ಹೆಸರು ಹಿಡಿದು ಮಾತಾಡಿಸುತ್ತಾಳೆ. ಐದು ವರ್ಷದ ಹಿಂದೆ ಒಂದು ಬೂಟಿನ ಕಂಪನಿಯವರು ಹುಬ್ಬಳ್ಳಿಯಲ್ಲಿ ಅಂಗಡಿಕಾರರಿಗೆ ಎರಡು ದಿನ ಪಾಠ ಮಾಡಿದಾಗ ಹೋಗಬೇಕಾದವನು ಚಿದಾನಂದ. ಹಿಂದಿನ ದಿನ ಯಾರದೋ ಮನೆಯ ಊಟದಲ್ಲಿ ಹೋಳಿಗೆಯ ಲೆಕ್ಕ ತಪ್ಪಿ ಅವನ ಹೊಟ್ಟೆ ಕೆಟ್ಟಿತ್ತು. ಅವಳು ಹೋಗಿ ಒದ್ದೆ ಹೆಜ್ಜೆಯ ವಿದ್ಯೆ ಕಲಿತು ಬಂದಳು.

ಅದನ್ನು ಅವಳು ಹೀಗೆ ಹೇಳುತ್ತಾಳೆ: ಹೆಜ್ಜೆಯ ನಡು ನೋಡಬೇಕು. ಹಿಮ್ಮಡದಿಂದ ಮುಂಗಾಲಿನವರೆಗೆ ಪೂರಾ ತುಂಬಿಕೊಂಡು, ನಡುವೇ ಇಲ್ಲದಂತೆ ಮೂಡಿದರೆ ಚಪ್ಪಟೆ ಪಾದ. ಒಳಬದಿ ಬಾಗಿ, ನಡುವಿನಲ್ಲಿ ಸುಮಾರು ಅರ್ಧ ಅಗಲ ಉಳಿದರೆ ಸಾಧಾರಣ ಪಾದ. ಹೊರಬದಿಗೆ ಒಂದು ಸಣ್ಣ ಪಟ್ಟಿ ಮಾತ್ರ ಉಳಿದರೆ, ಅಥವಾ ಅದೂ ಹರಿದು ಹಿಮ್ಮಡ ಮುಂಗಾಲುಗಳು ಬೇರೆ ಬೇರೆಯಾದರೆ, ಕಮಾನು ಎತ್ತರದ ಪಾದ. ಇಷ್ಟು ಹೇಳಿ ಕೊನೆಗೆ, "ಇದು ಅಂದಾಜರಿ. ಬೂಟು ಹಾಕ್ಕೊಂಡು ನಡದಾಗ ಕಾಲು ಏನು ಹೇಳತೈತಿ ಅದು ಖರೆ," ಎಂದು ಸೇರಿಸುತ್ತಾಳೆ. ಈ ಕೊನೆಯ ಮಾತನ್ನು ಚಿದಾನಂದ ಎಂದೂ ಪೂರ್ತಿ ಕೇಳಿಸಿಕೊಂಡಿರಲಿಲ್ಲ.

ಚಡ್ಡಿಯ ಗದ್ದಲದ ದಿನವೇ ಅವಳು ಬಸುರಿ ನಾದಿನಿಯ ಕುಬಸಕ್ಕೆಂದು ರಬಕವಿಗೆ ಹೋಗಿದ್ದಳು. ಮಧ್ಯಾಹ್ನ ಸ್ಟೇಟಸ್ ನೋಡಿದ್ದ ಕುರಿಗಾರ ಹಾಲಸಿದ್ದಪ್ಪ ಬೀಳಗಿ ಕಡೆಯ ಹಳ್ಳಿಯಿಂದ ಫೋನು ಮಾಡಿದ. ಅವನ ಮಗಳು ಮಾಯಾ ಬೀಳಗಿಯಲ್ಲಿ ಡಿಗ್ರಿ ಓದುತ್ತಾಳೆ, ಮೂರು ಸಾವಿರ ಮೀಟರ್ ಓಡುತ್ತಾಳೆ. ಭಾನುವಾರ ಬಾಗಲಕೋಟೆಯಲ್ಲಿ ಜಿಲ್ಲಾ ತಂಡದ ಆಯ್ಕೆ. ಮೊದಲ ಇಬ್ಬರು ರಾಜ್ಯದ ಕೂಟಕ್ಕೆ ಹೋಗುತ್ತಾರೆ. ಕಳೆದ ಎರಡು ವರ್ಷವೂ ಅವಳು ಮೂರನೆಯವಳಾಗಿದ್ದಳು. ಮುಂದಿನ ವರ್ಷ ವಯಸ್ಸು ಮೀರುತ್ತದೆ.

"ಬರಿಗಾಲಿಲೇ ಕುರಿ ಹಿಂದ ಓಡಿದ ಕೂಸರಿ ಸಾವಕಾರ್ರ," ಎಂದ ಹಾಲಸಿದ್ದಪ್ಪ. "ಈಗ ಅಕ್ಕನ ಮಗಳ ಹಳೀ ಬೂಟು ಹಾಕ್ಕೋತಾಳ. ಅದು ಕಚ್ಚತೈತಿ. ಹೆಜ್ಜಿ ಫೋಟೋ ಕಳಸೇನಿ, ನೋಡ್ರಿ."

ಫೋಟೋ ಬಂತು. ಕಡಪಾ ಕಲ್ಲಿನ ಮೇಲೆ ಕಟಕ ರೊಟ್ಟಿಯಷ್ಟು ತುಂಬಿದ ಹೆಜ್ಜೆ. ನಡುವೇ ಇಲ್ಲ. ಚಿದಾನಂದನಿಗೆ ಆನಂದವಾಯಿತು, ಏಕೆಂದರೆ ಇಂಥದ್ದು ಅವನಿಗೂ ತಿಳಿಯುತ್ತಿತ್ತು. ಚಪ್ಪಟೆ ಪಾದ. ಒಳಬದಿಗೆ ಗಟ್ಟಿ ಆಸರೆ ಇರುವ, ಬಗ್ಗಿಸಿದರೆ ಬಗ್ಗದ ಬೂಟೊಂದನ್ನು ಕಟ್ಟಿ, ನಾಲ್ಕು ಗಂಟೆಯ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಬಂದ. ಬಂದವನು ಕನ್ನಡಿಯ ಮುಂದೆ ನಿಂತು ತಾನೂ ಹುಬ್ಬಳ್ಳಿಯಲ್ಲಿ ಕಲಿತವನಂತೆ ಕಾಣುತ್ತೇನೋ ಎಂದು ಸ್ವಲ್ಪ ಹೊತ್ತು ನೋಡಿದ.

ಸಂಜೆ ಗಂಗಾಂಬಿಕಾ ಬಂದು, ಕೈಯಲ್ಲಿದ್ದ ಕುಬಸದ ಬುತ್ತಿಯನ್ನು ಇಳಿಸುವ ಮೊದಲೇ ಫೋಟೋ ನೋಡಿದಳು. ಆಮೇಲೆ ಫೋಟೋದ ಜೊತೆಗೇ ಮಾಯಾ ಕಳಿಸಿದ್ದ ಧ್ವನಿಸಂದೇಶ ಕೇಳಿದಳು. ಅದನ್ನು ಚಿದಾನಂದ ಒತ್ತಿಯೇ ಇರಲಿಲ್ಲ. "ಅಕ್ಕಾರ, ಬೆರಳಿಗೂ ಹತ್ತತೈತಿ, ಆದ್ರ ಜಾಸ್ತಿ ಉರಿಯೂದು ಪಾದದ ಮ್ಯಾಲ, ಲೇಸ್ ಕಟ್ಟಿದಲ್ಲಿ."

"ರೀ, ಚಪ್ಪಟ್ ಪಾದದಾಕಿಗೆ ಲೇಸ್ ಮ್ಯಾಲಿಂದ ಯಾಕ ಒತ್ತತೈತಿ? ಮ್ಯಾಲ ಉಬ್ಬಿದ್ದರ ಒತ್ತೂದು."

"ಫೋಟೋದಾಗ ರೊಟ್ಟಿ ಕಂಡಂಗ ಕಾಣಾಕತ್ತೈತಲ್ಲ."

"ರೊಟ್ಟಿ ಅಂಚು ನೋಡ್ರಿ. ನೀರು ಹರದೈತಿ. ಬೆರಳ ಸಂದ್ಯಾಗೂ ನೀರು ನಿಂತೈತಿ. ಇದು ಕಾಲಿನ ಗುರುತಲ್ಲ, ಕೆರಿ." ಅವಳು ಹಾಲಸಿದ್ದಪ್ಪನಿಗೆ ಫೋನು ಹಚ್ಚಿದಳು. "ಅಣ್ಣಾರ, ಹೆಜ್ಜಿ ಹೆಂಗ ತಗೊಂಡ್ರಿ?"

"ಛಲೋ ಒತ್ತಿ ತಗೊಂಡೀವರಿ ಅಕ್ಕಾರ. ಕುರಿಗೆ ಬಣ್ಣದ ಗುರುತು ಹಾಕೂವಾಗ ಒತ್ತಲಿಲ್ಲಂದ್ರ ಮಳಿಗೆ ಹೋಗತೈತಿ ನೋಡ್ರಿ. ಅದಕ್ಕ ಒಂದು ಕೊಡ ನೀರು ಹಾಕಿ, ಮಗಳ ಹೆಗಲಿಗೆ ಎರಡೂ ಕೈಯಿಟ್ಟು ಕೆಳಗ ಒತ್ತಿ ಹಿಡದೆ. ಆಕಿ ತಾಯಿ ಸೋಮವ್ವನೂ ಒಂದು ಕೈ ಹಚ್ಚಿದಳು."

ಗಂಗಾಂಬಿಕಾ ಕಣ್ಣು ಮುಚ್ಚಿಕೊಂಡಳು. ಚಿದಾನಂದ ಮೇಜಿನ ಕೆಳಗೆ ಏನೋ ಹುಡುಕತೊಡಗಿದ.

"ಕುರಿ ಬ್ಯಾರೆ, ಕಾಲು ಬ್ಯಾರೆ ಅಣ್ಣಾರ. ಕಾಲು ಒದ್ದಿ ಮಾಡಿ, ಒಮ್ಮೆ ಝಾಡಿಸಿ, ಒಣಾ ಸಿಮೆಂಟಿನ ಮ್ಯಾಲ ಸಹಜ ಒಂದು ಹೆಜ್ಜಿ ಇಟ್ಟು ಎತ್ತೂದು, ಅಷ್ಟ. ಪಕ್ಕಕ್ಕ ಸಾಲಿ ಮಕ್ಕಳ ಅಳತಿ ಪಟ್ಟಿ ಇಟ್ಟು ಮ್ಯಾಲಿಂದ ನೆಟ್ಟಗ ಫೋಟೋ ಹೊಡೀರಿ. ಓರೆ ಹಿಡದ್ರ ಉದ್ದ ಸುಳ್ಳು ಹೇಳತೈತಿ."

ಮುಂದಿನ ಒಂದು ತಾಸು ಅಂಗಡಿಯ ಫೋನು ಟಣ್ ಟಣ್ ಎನ್ನುತ್ತಲೇ ಇತ್ತು. ಮೊದಲ ಫೋಟೋದಲ್ಲಿ ಹಿಮ್ಮಡ, ಮುಂಗಾಲು ಅಷ್ಟೇ ಇದ್ದವು, ಬೆರಳುಗಳ ಸುಳಿವಿಲ್ಲ. "ಕುಂತು ತಗೊಂಡೀರಿ. ನಿಂತು ಭಾರ ಹಾಕ್ರಿ," ಎಂದಳು. ಎರಡನೆಯದರ ನಟ್ಟನಡುವೆ ನಾಲ್ಕು ಸಣ್ಣ ಬೆರಳಿನ ಇನ್ನೊಂದು ಗುರುತು. ಚಿದಾನಂದ ಚಾಳೀಸು ಏರಿಸಿ, "ಇದು ಯಾರ ಕಾಲರಿ?" ಎಂದು ಫೋನಿನಲ್ಲಿ ಕೇಳಿದ. "ನಾಯಿದರಿ. ಮುಧೋಳ ತಳಿ. ಫೋಟೋ ಅಂದ್ರ ಮುಂದ ಬರತೈತಿ," ಎಂದಿತು ಅತ್ತಲಿನ ದನಿ. ಮೂರನೆಯದು ಮಾಯಾಳದಲ್ಲ. ಸೋಮವ್ವನಿಗೂ ತನ್ನ ಕಾಲಿನ ಜಾತಕ ತಿಳಿಯುವ ಆಸೆಯಾಗಿತ್ತು. ಅವಳದು ಸಾಧಾರಣ ಪಾದ ಎಂದು ಗಂಗಾಂಬಿಕಾ ಹೇಳಿದ್ದಕ್ಕೆ, "ಇಷ್ಟ ಏನು?" ಎಂದು ಅವಳು ಮುನಿಸಿಕೊಂಡಳು.

ನಾಲ್ಕನೆಯದು ಸರಿ ಬಂತು. ಹಿಮ್ಮಡ ದುಂಡಗೆ, ಮುಂಗಾಲು ಅಗಲವಾಗಿ, ನಡುವೆ ಹೊರಬದಿಗೆ ಹೆಬ್ಬೆರಳಗಲದ ಪಟ್ಟಿ ಮಾತ್ರ. ಅದನ್ನು ದೊಡ್ಡದು ಮಾಡಿ ನೋಡಿದ ಚಿದಾನಂದ ಚಾಳೀಸು ತೆಗೆದು ಒರೆಸಿ ಮತ್ತೊಮ್ಮೆ ನೋಡಿದ. ಕಮಾನು ಎತ್ತರದ ಕಾಲಿಗೆ ಅವನು ಕಲ್ಲಿನಂಥ ಬೂಟು ಕಳಿಸಿದ್ದ.

"ಎತ್ತರದ ಕಾಲಿಗೆ ನೆಲದ ಪೆಟ್ಟು ಹಿಮ್ಮಡಕ್ಕೂ ಮುಂಗಾಲಿಗೂ ಬೀಳತೈತಿ. ಮೆತ್ತನ್ನ ತಳ ಬೇಕು, ಮ್ಯಾಲ ಉಬ್ಬಿಗೆ ಜಾಗ ಬೇಕು," ಎಂದಳು ಅವಳು. ಅಳತೆಗಾಗಿ ಒದ್ದೆ ಗುರುತನ್ನು ನಂಬಲಿಲ್ಲ. ಬೆರಳ ತುದಿ, ಹಿಮ್ಮಡದ ದುಂಡು ನೆಲಕ್ಕೆ ತಾಗದೆ ಗುರುತು ಕಾಲಿಗಿಂತ ಗಿಡ್ಡ ಬರುತ್ತದೆ. ಹಿಮ್ಮಡವನ್ನು ಗೋಡೆಗೆ ಹಚ್ಚಿ ನಿಲ್ಲಿಸಿ, ಉದ್ದ ಬೆರಳಿನ ತನಕ ಎರಡೂ ಕಾಲು ಅಳೆಸಿದಳು. ಬಲಗಾಲು ಅರ್ಧ ಸೆಂಟಿಮೀಟರ್ ಉದ್ದ. ದೊಡ್ಡ ಕಾಲಿಗೆ ಲೆಕ್ಕ ಹಿಡಿದು, ಒಂದಕ್ಕಿಂತ ಇನ್ನೊಂದು ಒಂದು ಸೈಜು ದೊಡ್ಡದಿರುವ ಎರಡು ಜೋಡಿ ತೆಗೆದಿಟ್ಟಳು.

"ನಾಳೆ ಮುಂಜಾನೆ ಬಸ್ಸಿಗೆ ಕೊಡ್ತೇನಿ," ಎಂದ ಚಿದಾನಂದ.

"ಬಸ್ಸಿಗೆ ಕೊಡೂದಲ್ಲ, ಬಸ್ಸಿನ್ಯಾಗ ನೀವ ಹೋಗೂದು. ಹಾಕಿಸಿ ಓಡಿಸಿ ನೋಡ್ಬೇಕು."

ಶುಕ್ರವಾರ ಬೆಳಿಗ್ಗೆ ಹೊರಟ ಬಸ್ಸಿನ ಹಿಂದೆ ಎರಡು ಡಬ್ಬಿ ಎದೆಗವಚಿಕೊಂಡು ಓಡುವಾಗ ಚಿದಾನಂದನ ಎಡಗಾಲಿನ ಚಪ್ಪಲಿ ನಿಲ್ದಾಣದಲ್ಲೇ ಉಳಿಯಿತು. ಕಿಟಕಿಯಿಂದ ಯಾರೋ, "ಬೂಟಿನ ಸಾವಕಾರ್ರು ಒಂದ ಕಾಲಿಲೆ ಹೊಂಟ್ರು ನೋಡ್ರಿ," ಎಂದರು. ಮುಧೋಳದವರೆಗೂ ಬಸ್ಸು ನಕ್ಕಿತು. ಮುಧೋಳದಲ್ಲಿ ಬಸ್ಸು ಬದಲಿಸಿದಾಗ ಅಲ್ಲಿನವರು ಹೊಸದಾಗಿ ನಕ್ಕರು.

ಬೀಳಗಿಯ ಕಾಲೇಜಿನ ಮೈದಾನದಲ್ಲಿ ಮಾಯಾ ಕಲ್ಲಿನ ಬೂಟು ಹಾಕಿಕೊಂಡು ಬಾತುಕೋಳಿಯಂತೆ ನಿಂತಿದ್ದಳು. ಚಿದಾನಂದ ವೀಡಿಯೋ ಕರೆ ಹಚ್ಚಿದ. ಗಂಗಾಂಬಿಕಾ ಅಂಗಡಿಯಿಂದಲೇ ಎಲ್ಲ ನಡೆಸಿದಳು. ಚಿಕ್ಕ ಜೋಡಿ ಬೆರಳಿಗೆ ತಾಗಿತು. ದೊಡ್ಡದರಲ್ಲಿ ಮುಂದೆ ಹೆಬ್ಬೆರಳಗಲ ಜಾಗ ಉಳಿಯಿತು, ಹಿಮ್ಮಡ ಜಾರಲಿಲ್ಲ. ಉಬ್ಬಿದ ಜಾಗದಲ್ಲಿ ಒಂದು ತೂತು ಬಿಟ್ಟು ಲೇಸು ಪೋಣಿಸಲು ಹೇಳಿದಳು. ಮಾಯಾ ಎರಡು ಸುತ್ತು ಓಡಿ ಬಂದು ತನ್ನ ಕಾಲನ್ನೇ ನೋಡಿಕೊಂಡಳು.

"ಏನಾತು?" ಎಂದ ಹಾಲಸಿದ್ದಪ್ಪ ಗಾಬರಿಯಿಂದ.

"ಏನೂ ಆಗಲಿಲ್ಲಪ್ಪಾ. ಅದ ವಿಚಿತ್ರ," ಎಂದು ಅವಳು ನಗುತ್ತ ಮತ್ತೆ ಓಡಿದಳು.

ಅಷ್ಟರಲ್ಲಿ ಸುದ್ದಿ ಹಬ್ಬಿ ಕಾಲೇಜಿನ ಹುಡುಗಿಯರೆಲ್ಲ ನಳದ ಕೆಳಗೆ ಕಾಲೊಡ್ಡಿ ಸಿಮೆಂಟಿನ ಬಾಸ್ಕೆಟ್‌ಬಾಲ್ ಅಂಗಳದ ಮೇಲೆ ಹೆಜ್ಜೆ ಇಡತೊಡಗಿದರು. ಹತ್ತು ನಿಮಿಷದಲ್ಲಿ ಒದ್ದೆ ಪಾದಗಳ ಜಾತ್ರೆಯಾಯಿತು. ಚಿದಾನಂದ ಚಪ್ಪಲಿಯಿಲ್ಲದ ಎಡಗಾಲಿನಲ್ಲಿ ಕುಂಟುತ್ತ ಪ್ರತಿ ಹೆಜ್ಜೆಯನ್ನೂ ಹೆಂಡತಿಗೆ ತೋರಿಸಿದ. ತನ್ನದು ಚಪ್ಪಟೆ ಎಂದು ತಿಳಿದ ಪ್ರೀತಿ ಎಂಬ ಹುಡುಗಿ ಅಳುವಂತಾದಳು. ಗಂಗಾಂಬಿಕಾ ಫೋನಿನಿಂದಲೇ ಕೇಳಿದಳು: "ತುದಿಗಾಲ ಮ್ಯಾಲ ನಿಲ್ಲವಾ. ಈಗ ಒಳಬದಿ ಕಮಾನು ಏಳತೈತಿಲ್ಲೋ? ನೋವು ಐತೇನು?" "ಇಲ್ಲರಿ." "ಹಂಗಾರ ಕಾಲಿಗೆ ಏನೂ ಆಗಿಲ್ಲ. ಬೂಟು ಮಾರಾಕ ನಮ್ಮ ಸಾವಕಾರ್ರು ಏನರ ಹೇಳಿದ್ರ ಕೇಳಬ್ಯಾಡ." ಸಾವಕಾರರು ಫೋನನ್ನು ಸ್ವಲ್ಪ ದೂರ ಹಿಡಿದರು.

ಶನಿವಾರವೂ ಮಾಯಾ ಹೊಸ ಬೂಟಿನಲ್ಲಿ ಹಗುರಾಗಿ ಓಡಿ ಪಳಗಿಸಿಕೊಂಡಳು. ಭಾನುವಾರ ಬಾಗಲಕೋಟೆಯಲ್ಲಿ ಕೊನೆಯ ಸುತ್ತಿನವರೆಗೆ ಮೂರನೆಯವಳಾಗಿಯೇ ಇದ್ದು, ಕೊನೆಯ ತಿರುವಿನಲ್ಲಿ ಮುಂದಿದ್ದವಳನ್ನು ದಾಟಿ ಎರಡನೆಯವಳಾದಳು.

ಸೋಮವಾರ ಹಾಲಸಿದ್ದಪ್ಪ ತಾನೇ ನೇಯಿಸಿದ ಕಂಬಳಿಯೊಂದನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಬಂದ. ಬೆಲ್ಲದ ಗೂಳಪ್ಪನೂ ಸೇರಿ ಹತ್ತು ಜನ ಕೂಡಿದರು. ಕಂಬಳಿಯನ್ನು ಗಂಗಾಂಬಿಕಾಳ ಮುಂದಿಟ್ಟು ಹಾಲಸಿದ್ದಪ್ಪ ಕೇಳಿದ: "ಅಕ್ಕಾರ, ದೇವರಾಣಿ ಖರೆ ಹೇಳ್ರಿ. ನನ್ನ ಮಗಳು ಗೆದ್ದದ್ದು ಆಕಿ ಕಾಲಿನಿಂದನೋ, ನಿಮ್ಮ ಬೂಟಿನಿಂದನೋ?"

ಗಂಗಾಂಬಿಕಾ ಅವನ ಪಾದಗಳನ್ನು ಒಮ್ಮೆ ನೋಡಿ, ಮೇಲೆ ನೋಡಿದಳು.

"ಆ ಬೂಟು ದೀಪಾವಳಿಯಿಂದ ನಮ್ಮ ಕಪಾಟಿನ್ಯಾಗ ಇತ್ತರಿ ಅಣ್ಣಾರ. ಒಂದ ದಿನಾನೂ ಓಡಿದ್ದು ನಾ ನೋಡಿಲ್ಲ."